ಹಳದಿ ಹಕ್ಕಿಗೆ ಕೊಂಬೆ ಸಿಗಲಿಲ್ಲವೇಕೆ?

2024ರ ಜುಲೈ 3ರಂದು ಬೆಂಗಳೂರಿನ ‘ಕೂ’ ತನ್ನ ಸೇವೆ ನಿಲ್ಲಿಸುವುದಾಗಿ ಪ್ರಕಟಿಸಿತು. ಟ್ವಿಟರ್‌ನ ನೀಲಿ ಹಕ್ಕಿಗೆ ಎದುರಾಗಿ ಹಳದಿ ಹಕ್ಕಿಯನ್ನು ಗುರುತಾಗಿಸಿಕೊಂಡು 2020ರಲ್ಲಿ ಶುರುವಾದ ಈ ಆ್ಯಪ್ ಮೊದಲು ಮಾತಾಡಿದ್ದು ಕನ್ನಡದಲ್ಲಿ. ಹಿಂದಿ, ತೆಲುಗು, ತಮಿಳು ಎಲ್ಲ ಆಮೇಲೆ ಬಂದವು. ಒಂದೇ ಸಲ ಬರೆದದ್ದನ್ನು ಹಲವು ಭಾಷೆಗಳಲ್ಲಿ ಪ್ರಕಟಿಸುವ ಸೌಲಭ್ಯ ಅದರಲ್ಲಿತ್ತು. ಹಣ ಹೂಡುವವರೂ ಸಿಕ್ಕಿದ್ದರು, ಕೇಂದ್ರದ ಸಚಿವರೇ ಬಂದು ಖಾತೆ ತೆರೆದಿದ್ದರು. ಆದರೂ ನಾಲ್ಕು ವರ್ಷಕ್ಕೇ ಮುಚ್ಚಬೇಕಾಯಿತು.

‘ನಮ್ಮವರಿಗೆ ನಮ್ಮದರ ಮೇಲೆ ಅಭಿಮಾನ ಇಲ್ಲ’ ಎಂದು ಆಗ ಹಲವರು ಬೇಸರಪಟ್ಟರು. ‘ಆ್ಯಪ್ ಚೆನ್ನಾಗಿರಲಿಲ್ಲ ಬಿಡಿ’ ಎಂದವರೂ ಇದ್ದರು. ಸ್ಥಾಪಕರು ಹೇಳಿದ ಕಾರಣ ಬೇರೆ: ದೊಡ್ಡ ಸಂಸ್ಥೆಗಳ ಜೊತೆಗಿನ ಮಾತುಕತೆ ಫಲಿಸಲಿಲ್ಲ, ಮುಂದುವರಿಸಲು ಬೇಕಾದ ಬಂಡವಾಳ ಸಿಗಲಿಲ್ಲ. ಇವು ಮೂರೂ ಒಂದಿಷ್ಟು ನಿಜವಿರಬಹುದು. ಆದರೆ ಇವುಗಳ ಹಿಂದೆ, ಅಭಿಮಾನಕ್ಕೂ ಗುಣಮಟ್ಟಕ್ಕೂ ಜಗ್ಗದ ಒಂದು ಲೆಕ್ಕಾಚಾರವಿದೆ. ಅರ್ಥಶಾಸ್ತ್ರದವರು ಅದನ್ನು ನೆಟ್‌ವರ್ಕ್ ಎಫೆಕ್ಟ್ ಅನ್ನುತ್ತಾರೆ. ನಾವು ಜಾಲ ಪರಿಣಾಮ ಅನ್ನೋಣ.

ಸಂತೆಯ ಲೆಕ್ಕ

ಹೆಸರು ಹೊಸದು, ಸಂಗತಿ ಹಳೆಯದು. ವಾರದ ಸಂತೆಯನ್ನೇ ನೋಡಿ. ಕೊಳ್ಳುವವರು ಸಂತೆಗೆ ಹೋಗುವುದು ಅಲ್ಲಿ ಹತ್ತಾರು ಮಾರುವವರು ಇರುತ್ತಾರೆಂದು. ಮಾರುವವರು ಬರುವುದು ನೂರಾರು ಕೊಳ್ಳುವವರು ಬರುತ್ತಾರೆಂದು. ಒಬ್ಬರನ್ನು ನೋಡಿ ಇನ್ನೊಬ್ಬರು. ಈಗ ಪಕ್ಕದ ಊರಿನವರು ಅದೇ ಸೋಮವಾರ ತಮ್ಮಲ್ಲೂ ಸಂತೆ ಕಟ್ಟುತ್ತೇವೆಂದು ಹೊರಟರೆ? ಅವರು ಒಳ್ಳೆಯ ಕಟ್ಟೆ ಕಟ್ಟಿಸಬಹುದು, ನೆರಳು ಮಾಡಿಕೊಡಬಹುದು, ಸುಂಕವನ್ನೂ ಬಿಡಬಹುದು. ಆದರೂ ಮೊದಲ ವಾರ ಸೊಪ್ಪಿನವಳು ಬಂದರೆ ಈರುಳ್ಳಿಯವನು ಬಂದಿರುವುದಿಲ್ಲ. ಈರುಳ್ಳಿ ಸಿಗದ ಗಿರಾಕಿ ಮುಂದಿನ ವಾರ ಹಳೆಯ ಸಂತೆಗೇ ಹೋಗುತ್ತಾಳೆ. ಗಿರಾಕಿ ಬರಲಿಲ್ಲವೆಂದು ಸೊಪ್ಪಿನವಳೂ ವಾಪಸ್ಸು. ಹೊಸ ಸಂತೆ ಸೋತದ್ದು ಕಟ್ಟೆ ಕೆಟ್ಟದ್ದೆಂದಲ್ಲ, ಎಲ್ಲರೂ ಒಟ್ಟಿಗೆ ಬರಲಿಲ್ಲವೆಂದು.

ಸರಕಿನ ಗುಣ ಸರಕಿನಲ್ಲೇ ಇದ್ದರೆ ಹೀಗಾಗುವುದಿಲ್ಲ. ಒಂದು ಸೋಪು ನಿಮಗೆ ಹಿಡಿಸಿದರೆ, ಊರಿನಲ್ಲಿ ಬೇರೆ ಯಾರೂ ಅದನ್ನು ಬಳಸದಿದ್ದರೂ ಅದು ನೊರೆ ಕೊಡುತ್ತದೆ. ಹಾಗಾಗಿ ಸೋಪಿನ ಪೇಟೆಯಲ್ಲಿ ಇಪ್ಪತ್ತು ಬಗೆ ಬದುಕುತ್ತವೆ. ಮಾತಾಡುವ ಆ್ಯಪ್ ಹಾಗಲ್ಲ. ಅದರಲ್ಲಿ ನೀವು ಬಳಸುವುದೇ ಅಲ್ಲಿರುವ ಉಳಿದವರನ್ನು.

ಅಂಕಿ ಇಟ್ಟು ನೋಡಿದರೆ ಇನ್ನೂ ಸ್ಪಷ್ಟವಾಗುತ್ತದೆ. ಒಂದು ಕಾಲೇಜಿನಲ್ಲಿ ಜೊತೆಗೆ ಓದಿದ ನೂರು ಜನರಿದ್ದಾರೆ ಎಂದುಕೊಳ್ಳಿ. ಅರುವತ್ತು ಜನ ಒಂದು ಆ್ಯಪಿನಲ್ಲಿದ್ದಾರೆ, ನಲವತ್ತು ಜನ ಇನ್ನೊಂದರಲ್ಲಿ. ಇದರಿಂದ ಅದಕ್ಕೆ ಸಂದೇಶ ಹೋಗುವುದಿಲ್ಲ. ತಡವಾಗಿ ಫೋನ್ ಕೊಂಡ ನೂರಾ ಒಂದನೆಯ ಗೆಳೆಯ ಯಾವುದನ್ನು ಹಾಕಿಕೊಳ್ಳುತ್ತಾನೆ? ಎರಡನೆಯದು ನೋಡಲು ಚೆಂದವಿದೆ ಎಂಬುದು ಅವನಿಗೂ ಗೊತ್ತು. ಆದರೆ ಆ ಚೆಂದಕ್ಕೆ ಅವನು ತೆರಬೇಕಾದ ಬೆಲೆ ಇಪ್ಪತ್ತು ಗೆಳೆಯರು. ಅವನು ಮೊದಲನೆಯದಕ್ಕೇ ಹೋಗುತ್ತಾನೆ. ಅಂತರ ಇಪ್ಪತ್ತೊಂದಾಯಿತು. ಮುಂದಿನವನಿಗೆ ತೀರ್ಮಾನ ಇನ್ನೂ ಸುಲಭ. ಅಷ್ಟರಲ್ಲಿ ನಲವತ್ತರಲ್ಲಿ ಕೆಲವರು, ‘ಇರಲಿ, ಅದೂ ಒಂದಿರಲಿ’ ಎಂದು ಮೊದಲನೆಯದನ್ನೂ ಹಾಕಿಕೊಳ್ಳುತ್ತಾರೆ. ದಿನ ಕಳೆದಂತೆ ಎರಡನೆಯದನ್ನು ತೆರೆಯುವುದೇ ಮರೆತುಹೋಗುತ್ತದೆ. ತಕ್ಕಡಿ ಒಂದು ಕಡೆಗೆ ವಾಲುವುದು ಹೀಗೆ. ಯಾರೂ ಮೋಸ ಮಾಡಲಿಲ್ಲ, ಯಾರೂ ತಪ್ಪು ನಿರ್ಧಾರ ತೆಗೆದುಕೊಳ್ಳಲಿಲ್ಲ. ಪ್ರತಿಯೊಬ್ಬರೂ ತಮ್ಮ ಮಟ್ಟಿಗೆ ಸರಿಯಾದದ್ದನ್ನೇ ಮಾಡಿದರು. ಪೇಟೆಯಲ್ಲಿ ಮಾತ್ರ ಒಂದೇ ಅಂಗಡಿ ಉಳಿಯಿತು.

ಗುಂಪು ಬಂತು, ನಿಲ್ಲಲಿಲ್ಲ

ಕೂಗೆ ಜನ ಬರಲೇ ಇಲ್ಲವೆಂದಲ್ಲ. ಅಲೆಅಲೆಯಾಗಿ ಬಂದರು. 2021ರ ಫೆಬ್ರುವರಿಯಲ್ಲಿ ರೈತ ಹೋರಾಟದ ಖಾತೆಗಳ ವಿಚಾರವಾಗಿ ಕೇಂದ್ರ ಸರ್ಕಾರಕ್ಕೂ ಟ್ವಿಟರಿಗೂ ಜಟಾಪಟಿಯಾದಾಗ ಸಚಿವರು, ಇಲಾಖೆಗಳು, ಅವರ ಬೆಂಬಲಿಗರು ಬಂದರು. ಅದೇ ವರ್ಷದ ಜೂನ್‌ನಲ್ಲಿ ನೈಜೀರಿಯಾ ಟ್ವಿಟರನ್ನು ತಡೆಹಿಡಿದಾಗ ಅಲ್ಲಿನ ಸರ್ಕಾರವೇ ಕೂನಲ್ಲಿ ಖಾತೆ ತೆರೆಯಿತು. 2022ರ ನವೆಂಬರ್‌ನಲ್ಲಿ ಇಲಾನ್ ಮಸ್ಕ್ ಟ್ವಿಟರನ್ನು ಕೊಂಡ ಗಲಾಟೆಯ ನಡುವೆ ಬ್ರೆಜಿಲ್‌ನಲ್ಲಿ ಎರಡೇ ದಿನಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಡೌನ್‌ಲೋಡ್ ಆಯಿತು.

ಡೌನ್‌ಲೋಡ್‌ಗಳ ಒಟ್ಟು ಸಂಖ್ಯೆ ಸುಮಾರು 6 ಕೋಟಿ ಮುಟ್ಟಿತ್ತೆಂದು ವರದಿಯಾಗಿತ್ತು. ಆದರೆ ಸ್ಥಾಪಕರು ವಿದಾಯದ ಬರಹದಲ್ಲಿ ಕೊಟ್ಟ ಅಂಕಿ ಬೇರೆ ಕಥೆ ಹೇಳುತ್ತದೆ. ಅತ್ಯುತ್ತಮ ದಿನಗಳಲ್ಲೂ ನಿತ್ಯ ತೆರೆಯುತ್ತಿದ್ದವರು ಸುಮಾರು 21 ಲಕ್ಷ, ತಿಂಗಳಿಗೊಮ್ಮೆಯಾದರೂ ಬರುತ್ತಿದ್ದವರು ಸುಮಾರು ಒಂದು ಕೋಟಿ. ಹಾಕಿಕೊಂಡವರು ನೂರಾದರೆ ನಿತ್ಯ ಬರುವವರು ಮೂರೋ ನಾಲ್ಕೋ. ಇಂಥ ಉದ್ಯಮವನ್ನು ಅಳೆಯುವಾಗ ನೋಡಬೇಕಾದದ್ದು ಈ ಎರಡನೆಯ ಅಂಕಿಯನ್ನೇ. ಡೌನ್‌ಲೋಡ್ ಎಂದರೆ ಸಂತೆಯ ಬಾಗಿಲವರೆಗೆ ಬಂದವರ ಲೆಕ್ಕ. ಚೀಲ ತುಂಬಿಸಿಕೊಂಡು ಹೋದವರ ಲೆಕ್ಕವಲ್ಲ.

ಬಂದವರು ಏಕೆ ನಿಲ್ಲಲಿಲ್ಲ? ಒಂದು ಕಲ್ಪಿತ ಉದಾಹರಣೆ ನೋಡೋಣ. ಧಾರವಾಡದ ಒಬ್ಬ ಕಥೆಗಾರ್ತಿಗೆ ಟ್ವಿಟರಿನಲ್ಲಿ ಐದು ಸಾವಿರ ಓದುಗರು, ಕೂನಲ್ಲಿ ಎಂಟುನೂರು. ಕನ್ನಡದ ಮೇಲಿನ ಪ್ರೀತಿಯಿಂದ ಅವರು ಕೂನಲ್ಲೂ ಬರೆಯುತ್ತಾರೆ. ಆದರೆ ಹೊಸದಾಗಿ ಬರೆಯುವುದಿಲ್ಲ, ಬರೆದದ್ದನ್ನೇ ಎರಡೂ ಕಡೆ ಹಾಕುತ್ತಾರೆ. ಅವರಿಗೆ ಅದರಿಂದ ನಷ್ಟವೇನಿಲ್ಲ. ಈಗ ಓದುಗನ ಕಡೆಯಿಂದ ನೋಡಿ. ಅವನು ಟ್ವಿಟರಿನಲ್ಲಿ ನೂರು ಜನರನ್ನು ಹಿಂಬಾಲಿಸುತ್ತಾನೆ, ಅವರಲ್ಲಿ ಹತ್ತು ಜನ ಕೂನಲ್ಲೂ ಇದ್ದಾರೆ. ಕೂ ತೆರೆದರೆ ಆ ಹತ್ತು ಜನ ಬರೆದದ್ದು ಸಿಗುತ್ತದೆ, ಆದರೆ ಅದು ಟ್ವಿಟರಿನಲ್ಲೂ ಇದೆ. ಟ್ವಿಟರ್ ತೆರೆದರೆ ಆ ಹತ್ತರ ಜೊತೆ ಉಳಿದ ತೊಂಬತ್ತೂ ಸಿಗುತ್ತದೆ. ಕೂ ತೆರೆಯಲು ಅವನಿಗೆ ಕಾರಣವೇ ಇಲ್ಲ. ಓದುಗ ಬರದಿದ್ದರೆ ಕಥೆಗಾರ್ತಿಗೆ ಅಲ್ಲಿ ಪ್ರತಿಕ್ರಿಯೆ ಬರುವುದಿಲ್ಲ. ಎರಡು ತಿಂಗಳಾದ ಮೇಲೆ ಎರಡೂ ಕಡೆ ಹಾಕುವ ಶ್ರಮವನ್ನು ಅವರು ಬಿಡುತ್ತಾರೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಎರಡು ಕಡೆ ಕಾಲಿಡುವವರು ಇದ್ದರೆ ಚಿಕ್ಕವನಿಗೆ ಅನುಕೂಲ ಎಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. ಬರೆಯುವವರು ಎರಡೂ ಕಡೆ ಇದ್ದು, ಓದುವವರು ಒಂದೇ ಕಡೆ ಕಣ್ಣು ಹಾಯಿಸುವವರಾದರೆ ಆಗುವುದು ಇದರ ತಿರುವುಮುರುವು. ಚಿಕ್ಕವನ ಅಂಗಡಿಯಲ್ಲಿರುವುದೆಲ್ಲ ದೊಡ್ಡವನಲ್ಲೂ ಸಿಗುತ್ತದೆ, ದೊಡ್ಡವನಲ್ಲಿರುವ ಬಹಳಷ್ಟು ಚಿಕ್ಕವನಲ್ಲಿ ಸಿಗುವುದಿಲ್ಲ.

ಕನ್ನಡ ಇದನ್ನು ದಾಟುವ ಸೇತುವೆ ಆಗಬಹುದಿತ್ತು. ಒಂದು ಭಾಷೆಯ ಬಳಗ ಚಿಕ್ಕದಾದರೂ ದಟ್ಟವಾಗಿದ್ದರೆ ಸಾಕು, ಏಕೆಂದರೆ ಕನ್ನಡದ ಓದುಗನಿಗೆ ಬೇಕಾದದ್ದು ಕನ್ನಡದವರು, ಬ್ರೆಜಿಲ್‌ನವರಲ್ಲ. ಆದರೆ ಆ ಬಳಗ ಆಗಲೇ ಫೇಸ್‌ಬುಕ್ಕಿನಲ್ಲಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ನೆಲೆ ಕಂಡುಕೊಂಡಿತ್ತು. ಟ್ವಿಟರಿನಲ್ಲಿಯೂ ಕನ್ನಡ ಲಿಪಿಯಲ್ಲಿ ಬರೆಯಲು ಅಡ್ಡಿಯಿರಲಿಲ್ಲ. ಕೂ ಕೊಟ್ಟದ್ದು ಕನ್ನಡಕ್ಕೆ ಅಚ್ಚುಕಟ್ಟಾದ ಮನೆ. ಆದರೆ ಕನ್ನಡದವರು ಬೀದಿಯಲ್ಲಿರಲಿಲ್ಲ, ಬೇರೆಯವರ ಮನೆಯಲ್ಲಿ ಬಾಡಿಗೆಗೆ ಕೂತಿದ್ದರು. ಇಡೀ ವಠಾರ ಒಟ್ಟಿಗೆ ಎದ್ದು ಬರಬೇಕಿತ್ತು.

ವಠಾರವನ್ನೇ ಎತ್ತಿಕೊಂಡು ಬಂದವರೂ ಇದ್ದಾರೆ. 2023ರ ಜುಲೈ ಮೊದಲ ವಾರ ಮೆಟಾ ಕಂಪನಿ ಥ್ರೆಡ್ಸ್ ಎಂಬ, ಹೆಚ್ಚುಕಡಿಮೆ ಟ್ವಿಟರಿನಂಥದೇ ಆ್ಯಪ್ ತಂದಿತು. ಐದೇ ದಿನದಲ್ಲಿ 10 ಕೋಟಿ ಜನ ಸೇರಿದರು. ಅದರಲ್ಲಿ ಕೂಗಿಂತ ಹೆಚ್ಚಿನ ಸೌಲಭ್ಯವೇನೂ ಆಗ ಇರಲಿಲ್ಲ. ಇದ್ದದ್ದು ಒಂದೇ: ಇನ್‌ಸ್ಟಾಗ್ರಾಮಿನ ಖಾತೆಯಿಂದಲೇ ಒಳಬರಬಹುದು, ಅಲ್ಲಿ ನೀವು ಯಾರನ್ನೆಲ್ಲ ಹಿಂಬಾಲಿಸುತ್ತಿದ್ದಿರೋ ಅವರನ್ನು ಒಂದೇ ಒತ್ತಿಗೆ ಇಲ್ಲಿಯೂ ಹಿಂಬಾಲಿಸಬಹುದು. ಮೊದಲ ಉತ್ಸಾಹ ಇಳಿದ ಮೇಲೆ ಅಲ್ಲೂ ಓಡಾಟ ಕುಸಿಯಿತು. ಆದರೆ ಮರುವರ್ಷ ತಿಂಗಳಿಗೆ 17.5 ಕೋಟಿ ಜನ ಬಳಸುತ್ತಿದ್ದಾರೆಂದು ಕಂಪನಿ ಹೇಳಿಕೊಂಡಿತು. ಹಾಗೆ ಹೇಳಿದ್ದು ಕೂ ಮುಚ್ಚಿದ ತಿಂಗಳಲ್ಲೇ. ಒಂದು ಜಾಲದ ಒಡೆಯ ಎರಡನೆಯ ಜಾಲ ಕಟ್ಟುವುದಕ್ಕೂ, ಬರಿಗೈಯವನು ಮೊದಲನೆಯದನ್ನು ಕಟ್ಟುವುದಕ್ಕೂ ಇರುವ ವ್ಯತ್ಯಾಸ ಅದು.

ಹಾಗೆಂದು ದೊಡ್ಡದಾದದ್ದು ಬೀಳುವುದೇ ಇಲ್ಲವೆಂದಲ್ಲ. ಒಂದು ಕಾಲಕ್ಕೆ ಭಾರತದಲ್ಲೂ ಬ್ರೆಜಿಲ್‌ನಲ್ಲೂ ಗೂಗಲ್‌ನ ಆರ್ಕುಟ್ ಮುಂದಿತ್ತು. 2014ರ ಸೆಪ್ಟೆಂಬರ್ 30ರಂದು ಅದರ ಬಾಗಿಲು ಮುಚ್ಚಿತು. ಅದನ್ನು ಹಿಂದೆ ಹಾಕಿದ ಫೇಸ್‌ಬುಕ್ 2004ರಲ್ಲಿ ಶುರುವಾದಾಗ ಹಾರ್ವರ್ಡ್ ಎಂಬ ಒಂದೇ ವಿಶ್ವವಿದ್ಯಾಲಯಕ್ಕೆ ಸೀಮಿತವಾಗಿತ್ತು. ಆ ಕ್ಯಾಂಪಸ್ಸಿನಲ್ಲಿ ತಿರುಗಿದ ಕಡೆಯೆಲ್ಲ ಪರಿಚಯದ ಮುಖವೇ. ಅಲ್ಲಿ ಗಟ್ಟಿಯಾದ ಮೇಲೆ ಮುಂದಿನ ಕಾಲೇಜು, ಆಮೇಲೆ ಮುಂದಿನದು. ಕೂ ಹರಡಿದ್ದು ಇದಕ್ಕೆ ವಿರುದ್ಧವಾಗಿ: ಹಲವು ಭಾಷೆ, ಹಲವು ದೇಶ, ಎಲ್ಲೆಲ್ಲೂ ತೆಳುವಾಗಿ. ಅಲೆ ಬಂದ ಕಡೆಗೆಲ್ಲ ಓಡಿತು, ಎಲ್ಲೂ ಕೆರೆಯಾಗಿ ನಿಲ್ಲಲಿಲ್ಲ.

ಅದೇ ಊರು, ಅದೇ ಫೋನು, ಬೇರೆ ನ್ಯಾಯ

ಎಲ್ಲ ಜಾಲಗಳೂ ಹೀಗೆ ಒಬ್ಬನ ಕೈ ಸೇರುವುದಿಲ್ಲ. ಕೂನ ಸ್ಥಾಪಕರಲ್ಲಿ ಒಬ್ಬರಾದ ಅಪ್ರಮೇಯ ರಾಧಾಕೃಷ್ಣ ಅದಕ್ಕೂ ಮೊದಲು ಇದೇ ಬೆಂಗಳೂರಿನಲ್ಲಿ ಟ್ಯಾಕ್ಸಿಫಾರ್‌ಶ್ಯೂರ್ ಕಟ್ಟಿದವರು. 2015ರಲ್ಲಿ ಓಲಾ ಅದನ್ನು ಕೊಂಡಿತು. ಆಗಲೂ ಹಲವರು, ಟ್ಯಾಕ್ಸಿ ಆಟೋಗಳ ಪೇಟೆಯೂ ಕೊನೆಗೆ ಒಬ್ಬರ ಪಾಲಾಗುತ್ತದೆ ಎಂದುಕೊಂಡಿದ್ದರು. ಹೆಚ್ಚು ಆಟೋ ಇರುವ ಆ್ಯಪಿಗೆ ಹೆಚ್ಚು ಗಿರಾಕಿ, ಹೆಚ್ಚು ಗಿರಾಕಿ ಇರುವ ಕಡೆಗೆ ಹೆಚ್ಚು ಆಟೋ. ಸಂತೆಯ ಲೆಕ್ಕವೇ ಅಲ್ಲವೇ?

ಲೆಕ್ಕ ಅದೇ, ಆದರೆ ಎರಡು ಕಡೆ ಸಡಿಲ. ಮೊದಲನೆಯದು, ಈ ಜಾಲ ಊರಿನದು. ಬೆಂಗಳೂರಿನ ಗಿರಾಕಿಗೆ ದೆಹಲಿಯಲ್ಲಿ ಎಷ್ಟು ಆಟೋ ಇವೆ ಎಂಬುದರಿಂದ ಏನೂ ಆಗಬೇಕಾದ್ದಿಲ್ಲ. ಹಾಗಾಗಿ ಹೊಸಬನು ದೇಶವನ್ನೇ ಗೆಲ್ಲಬೇಕಿಲ್ಲ, ಒಂದು ಊರು ಗೆದ್ದರೆ ಸಾಕು. ಎರಡನೆಯದು, ಇಲ್ಲಿ ಎರಡೂ ಕಡೆಯವರು ಎರಡೂ ಕಡೆ ಇರುತ್ತಾರೆ. ಚಾಲಕನ ಫೋನಿನಲ್ಲಿ ಮೂರು ಆ್ಯಪ್, ಗಿರಾಕಿಯ ಫೋನಿನಲ್ಲೂ ಮೂರು. ಯಾವುದರಲ್ಲಿ ಬೇಗ ಸಿಕ್ಕಿತೋ ಅದು. ಇನ್ನೊಂದು ಆ್ಯಪಿಗೆ ಹೋದರೆ ಕಳೆದುಕೊಳ್ಳುವ ಗೆಳೆಯರು ಇಲ್ಲಿ ಯಾರೂ ಇಲ್ಲ, ಆಟೋದವನನ್ನು ನಾಳೆ ಮತ್ತೆ ಭೇಟಿಯಾಗಬೇಕೆಂದೇನೂ ಇಲ್ಲ.

2022ರ ಕೊನೆಗೆ ಬಂದ ‘ನಮ್ಮ ಯಾತ್ರಿ’ ಆ್ಯಪ್ ನುಗ್ಗಿದ್ದು ಈ ಎರಡು ಸಂದಿನಿಂದ. ಅದು ಬೆಂಗಳೂರಿನ ಆಟೋದಿಂದ ಶುರುಮಾಡಿತು, ಪ್ರತಿ ಸವಾರಿಗೆ ಕಮಿಷನ್ ಹಿಡಿಯದೆ ಚಾಲಕರಿಂದ ದಿನಕ್ಕೆ 25 ರೂಪಾಯಿಯಂಥ ಸಣ್ಣ ಶುಲ್ಕಕ್ಕೆ ಬಂತು. ಮುಂದಿನ ಎರಡು ಮೂರು ವರ್ಷಗಳಲ್ಲಿ ರ್‍ಯಾಪಿಡೊ, ಊಬರ್, ಓಲಾ ಕೂಡ ಆಟೋಗಳಿಗೆ ಕಮಿಷನ್ ಬದಲು ದಿನದ ಶುಲ್ಕದ ದಾರಿ ಹಿಡಿದವು. ದೊಡ್ಡವರ ಜಾಲ ಗಟ್ಟಿಯಾಗಿದ್ದರೆ ಅವರು ಜಗ್ಗಬೇಕಾಗಿರಲಿಲ್ಲ.

ನಮ್ಮ ಸಂತೆಗಳೂ ಇದೇ ಉಪಾಯವನ್ನು ಬಹಳ ಹಿಂದೆಯೇ ಕಂಡುಕೊಂಡಿವೆ. ಅಕ್ಕಪಕ್ಕದ ಊರುಗಳ ಸಂತೆ ಒಂದೇ ದಿನ ಇರುವುದು ಅಪರೂಪ. ಇಲ್ಲಿ ಸೋಮವಾರ, ಅಲ್ಲಿ ಬುಧವಾರ, ಆಚೆಗೆ ಶುಕ್ರವಾರ. ವ್ಯಾಪಾರಿ ಎಲ್ಲದಕ್ಕೂ ಹೋಗಬಹುದು, ಹಾಗಾಗಿ ಒಂದು ಸಂತೆ ಇನ್ನೊಂದನ್ನು ನುಂಗುವುದಿಲ್ಲ.

ದಾರಿ ಯಾರದು?

ಮೂರನೆಯ ಬಗೆಯ ಜಾಲವನ್ನು ತರಕಾರಿ ಗಾಡಿಯ ಮೇಲೆ ನೋಡಬಹುದು. 2016ರ ನವೆಂಬರ್ 8ರ ನೋಟು ರದ್ದತಿಯ ಹೊತ್ತಿನಲ್ಲಿ ಮೊಬೈಲ್ ವಾಲೆಟ್‌ಗಳು ಮುಚ್ಚಿದ ಡಬ್ಬಿಗಳಾಗಿದ್ದವು. ಪೇಟಿಎಂ ವಾಲೆಟ್ಟಿನ ಹಣ ಬೇರೆ ಕಂಪನಿಯ ವಾಲೆಟ್ಟಿಗೆ ಹೋಗುತ್ತಿರಲಿಲ್ಲ. ಅಂಗಡಿಯವನಲ್ಲಿ ಯಾವ ಕಂಪನಿಯ ಫಲಕ ಇದೆಯೋ ಆ ಕಂಪನಿಯ ಗಿರಾಕಿಯೇ ಆಗಬೇಕು. ಹಾಗೆಯೇ ಬಿಟ್ಟಿದ್ದರೆ ಅರುವತ್ತು–ನಲವತ್ತರ ಲೆಕ್ಕವೇ ಇಲ್ಲಿಯೂ ನಡೆದು, ಒಂದು ವಾಲೆಟ್ ದೇಶವನ್ನೆಲ್ಲ ಆಳುತ್ತಿತ್ತೇನೋ.

ಆದರೆ ಅದೇ ವರ್ಷದ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಪಾವತಿ ನಿಗಮ ಯುಪಿಐ ತಂದಿತ್ತು. ಇದರ ನಿಯಮ ಸರಳ: ಯಾವ ಆ್ಯಪಿನಿಂದಲಾದರೂ ಯಾವ ಬ್ಯಾಂಕಿನ ಖಾತೆಗಾದರೂ ಹಣ ಹೋಗಬೇಕು. ಇಂದು ಸೊಪ್ಪಿನ ಗಾಡಿಯ ಮೇಲಿರುವ ಒಂದೇ ಕ್ಯೂಆರ್ ಚೀಟಿಗೆ ಫೋನ್‌ಪೇ, ಗೂಗಲ್‌ಪೇ, ಪೇಟಿಎಂ, ಭೀಮ್ ಎಲ್ಲವೂ ಹಣ ಕಳಿಸುತ್ತವೆ. ನೀವು ಆ್ಯಪ್ ಬದಲಿಸಿದರೆ ಸೊಪ್ಪಿನವಳಿಗೆ ಗೊತ್ತೂ ಆಗುವುದಿಲ್ಲ. ಜಿಯೊ ಸಿಮ್‌ನಿಂದ ಏರ್‌ಟೆಲ್ ಸಿಮ್‌ಗೆ ಕರೆ ಹೋಗುವುದೂ ಇದೇ ಬಗೆ. ಜಾಲದ ಬಲ ಇಲ್ಲಿ ಕಳೆದುಹೋಗಿಲ್ಲ, ಕಂಪನಿಯಿಂದ ಕೆಳಗಿಳಿದು ಎಲ್ಲರ ಕಾಲ ಕೆಳಗಿನ ದಾರಿಗೆ ಸೇರಿದೆ. ಹಾಗೆ ನೋಡಿದರೆ ಇಲ್ಲೂ ಒಂದೇ ದೊಡ್ಡ ಜಾಲವಿದೆ, ಅದೇ ಯುಪಿಐ. ಆದರೆ ಅದು ಯಾವುದೇ ಒಂದು ಆ್ಯಪಿನ ಸ್ವತ್ತಲ್ಲ.

ಇದರ ಬಲಕ್ಕೆ ವಾಟ್ಸ್‌ಆ್ಯಪ್ ಒಳ್ಳೆಯ ಸಾಕ್ಷಿ. ಮಾತುಕತೆಯಲ್ಲಿ ಅದಕ್ಕೆ ಇಲ್ಲಿ ಎದುರಾಳಿಯಿಲ್ಲ. ಆದರೆ ಪಾವತಿಯಲ್ಲಿ ಅದರ ಪಾಲು ನೂರಕ್ಕೆ ಒಂದೂ ಇಲ್ಲ. ಎಷ್ಟು ಜನರಿಗೆ ಸೇವೆ ಕೊಡಬಹುದೆಂಬ ಮಿತಿ 2024ರ ಕೊನೆಯವರೆಗೂ ಅದರ ಕೈ ಕಟ್ಟಿತ್ತು ಎಂಬುದು ನಿಜ. ಮಿತಿ ತೆಗೆದ ಮೇಲೂ ಅದು ಏರಲಿಲ್ಲ. ‘ನನ್ನ ಗೆಳೆಯರೆಲ್ಲ ಇಲ್ಲಿದ್ದಾರೆ’ ಎಂಬ ಮಾತಿಗೆ ಪಾವತಿಯಲ್ಲಿ ಬೆಲೆಯಿಲ್ಲ, ಏಕೆಂದರೆ ಗೆಳೆಯರು ಯಾವ ಆ್ಯಪಿನಲ್ಲಿದ್ದರೂ ಹಣ ತಲುಪುತ್ತದೆ.

ಹಾಗಿದ್ದರೂ ಯುಪಿಐ ವ್ಯವಹಾರದ ಸುಮಾರು ಶೇ 80ರಷ್ಟು ಪಾಲು ಫೋನ್‌ಪೇ ಮತ್ತು ಗೂಗಲ್‌ಪೇ ಎಂಬ ಎರಡೇ ಆ್ಯಪ್‌ಗಳದ್ದು. ಯಾರ ಪಾಲೂ ಶೇ 30 ದಾಟಬಾರದೆಂದು ಪಾವತಿ ನಿಗಮ 2020ರಲ್ಲೇ ಹೇಳಿತು, ಗಡುವನ್ನು ಮುಂದೂಡುತ್ತ ಬಂದು 2026ರ ಕೊನೆಗೆ ತಂದು ನಿಲ್ಲಿಸಿತು. ಇದನ್ನೂ ಜಾಲ ಪರಿಣಾಮ ಎಂದುಬಿಟ್ಟರೆ ರೋಗ ಗುರುತಿಸುವುದರಲ್ಲೇ ತಪ್ಪಾಗುತ್ತದೆ. ಇಲ್ಲಿ ದೊಡ್ಡವರನ್ನು ಹಿಡಿದಿಟ್ಟಿರುವುದು ಗೆಳೆಯರ ಜಾಲವಲ್ಲ. ಮೊದಲ ದಿನಗಳಲ್ಲಿ ಕ್ಯಾಶ್‌ಬ್ಯಾಕ್‌ಗೆ, ಅಂಗಡಿ ಅಂಗಡಿಗೆ ಚೀಟಿ ಅಂಟಿಸುವುದಕ್ಕೆ ಸುರಿದ ಹಣ ಒಂದು ಕಾರಣ, ಬೆರಳಿಗೆ ಕೂತ ಅಭ್ಯಾಸ ಇನ್ನೊಂದು. ಜೊತೆಗೆ 2020ರ ಜನವರಿಯಿಂದ ಬ್ಯಾಂಕ್ ಖಾತೆಯಿಂದ ಮಾಡುವ ಯುಪಿಐ ಪಾವತಿಗೆ ವ್ಯಾಪಾರಿಗಳಿಂದ ಶುಲ್ಕ ಹಿಡಿಯುವಂತಿಲ್ಲ. ಪಾವತಿಯಿಂದಲೇ ಆದಾಯ ಬರದ ಪೇಟೆಗೆ ಹೊಸಬರು ಯಾವ ಆಸೆಗೆ ಬಂದಾರು? ಕಾರಣ ಬೇರೆಯಾದ್ದರಿಂದ ಮದ್ದೂ ಬೇರೆಯೇ ಆಗಬೇಕು.

ಇನ್ನೊಂದು ಹಕ್ಕಿ ಹಾರುವ ಮೊದಲು

ಮತ್ತೊಂದು ದೇಸಿ ಆ್ಯಪ್ ಬರುತ್ತದೆ. ಅಭಿಮಾನದ ಕರೆಯೂ ಬರುತ್ತದೆ. ಆಗ ಮೂರು ಪ್ರಶ್ನೆ ಕೇಳಿದರೆ ಅದರ ಭವಿಷ್ಯ ಮುಕ್ಕಾಲು ಪಾಲು ತಿಳಿಯುತ್ತದೆ. ನನಗೆ ಬೇಕಾದ ಬಳಗ ಒಂದು ಊರಿನಷ್ಟೇ, ಲೋಕದಷ್ಟೇ? ನಾನೂ ನನ್ನ ಎದುರಿನವರೂ ಎರಡೂ ಕಡೆ ಸಲೀಸಾಗಿ ಇರಬಹುದೇ? ಇಲ್ಲಿಂದ ಅಲ್ಲಿಗೆ ಮಾತು ಹೋಗುತ್ತದೆಯೇ? ಆಟೋ ಪೇಟೆಯಲ್ಲಿ ಮೊದಲೆರಡಕ್ಕೆ ಅನುಕೂಲದ ಉತ್ತರವಿತ್ತು, ಯುಪಿಐನಲ್ಲಿ ಮೂರನೆಯದಕ್ಕೆ. ಕೂಗೆ ಮೂರರಲ್ಲೂ ಉತ್ತರ ವಿರುದ್ಧವಾಗಿತ್ತು.

ಸರ್ಕಾರಗಳು ಮಾಡಬಹುದಾದದ್ದು ಮೂರನೆಯ ಪ್ರಶ್ನೆಯ ವಿಷಯದಲ್ಲಿ. ಯುರೋಪಿನ ಒಕ್ಕೂಟ ತನ್ನ ಡಿಜಿಟಲ್ ಮಾರುಕಟ್ಟೆ ಕಾಯ್ದೆಯಡಿ, ಬೇರೆ ಸೇವೆಗಳು ಕೇಳಿಕೊಂಡರೆ ವಾಟ್ಸ್‌ಆ್ಯಪ್ ತನ್ನ ಬಾಗಿಲು ತೆರೆದು ಸಂದೇಶ ಹಾಯಲು ಬಿಡಬೇಕೆಂದು ಹೇಳಿದೆ. 2024ರ ಮಾರ್ಚ್‌ನಿಂದ ದೊಡ್ಡ ಕಂಪನಿಗಳು ಆ ಕಾಯ್ದೆಗೆ ಬದ್ಧವಾಗಿರಬೇಕು. ಇದು ಪುಕ್ಕಟೆ ಬರುವ ಸುಖವಲ್ಲ. ಸಂದೇಶದ ಗೋಪ್ಯತೆಯನ್ನು ಎರಡು ಕಂಪನಿಗಳ ನಡುವೆ ಕಾಪಾಡುವುದು ಕಷ್ಟ, ಕಿರುಕುಳದ ಸಂದೇಶಗಳನ್ನು ತಡೆಯುವ ಹೊಣೆ ಯಾರದೆಂಬುದು ತಕರಾರಿನ ವಿಷಯ. ಹೊಸ ಸೌಲಭ್ಯ ತರಬೇಕಾದರೆ ಎಲ್ಲರೂ ಒಪ್ಪುವವರೆಗೆ ಕಾಯಬೇಕಾಗುತ್ತದೆ. ಹಣದ ಮೊತ್ತ ಎಲ್ಲ ಆ್ಯಪಿನಲ್ಲೂ ಒಂದೇ, ಮಾತು ಹಾಗಲ್ಲ. ಅದಕ್ಕೇ ಯುಪಿಐನಲ್ಲಿ ಸಲೀಸಾದದ್ದು ಸಂದೇಶದಲ್ಲಿ ಅಷ್ಟು ಸುಲಭವಲ್ಲ.

ಆದರೂ ನಮ್ಮ ಹಣ, ನಮ್ಮ ಶ್ರಮ ಎಲ್ಲಿಗೆ ಹೋಗಬೇಕೆಂಬುದನ್ನು ಈ ಮೂರನೆಯ ಪ್ರಶ್ನೆ ಹೇಳುತ್ತದೆ. ಸೋಮವಾರದ ಸಂತೆಯ ಎದುರಿಗೆ ಇನ್ನೊಂದು ಸೋಮವಾರದ ಸಂತೆ ಕಟ್ಟಿ, ಜನ ಬರಲಿಲ್ಲವೆಂದು ಅವರ ಅಭಿಮಾನವನ್ನು ದೂರುವುದರಿಂದ ಉಪಯೋಗವಿಲ್ಲ. ಧಾರವಾಡದ ಕಥೆಗಾರ್ತಿ ತನ್ನ ಐದು ಸಾವಿರ ಓದುಗರನ್ನು ಬಿಟ್ಟುಕೊಡದೆ ಹಳದಿ ಹಕ್ಕಿಯ ಕಡೆಗೆ ಬರುವ ದಾರಿಯೊಂದು ಇದ್ದಿದ್ದರೆ, ಅವರು ಬರುತ್ತಿದ್ದರು. ಅವರಿಗೆ ಕನ್ನಡದ ಮೇಲೆ ಪ್ರೀತಿ ಕಡಿಮೆಯಿರಲಿಲ್ಲ.